‘ಒಬ್ಬಳೇ ಯಾಕೆ?’ ಬೇಡ, ‘ಎಷ್ಟು ಗಂಟೆಗೆ ಮುಟ್ಟುತ್ತಿ?’ ಎಂದು ಕೇಳಿ

ಹುಡುಗಿಯೊಬ್ಬಳು ಇಂಟರ್‌ವ್ಯೂಗೆಂದು ಬೇರೆ ಊರಿಗೆ ಹೊರಟರೆ ಮನೆಯಲ್ಲಿ ಮೊದಲು ಬರುವ ಪ್ರಶ್ನೆ, ‘ಒಬ್ಬಳೇ ಹೋಗ್ತೀಯಾ?’ ಎಂಬುದು. ಈ ಪ್ರಶ್ನೆಗೆ ಇರುವುದು ಎರಡೇ ಉತ್ತರ. ಹೌದು ಎಂದರೆ ಜಗಳ, ಇಲ್ಲ ಎಂದರೆ ಅಪ್ಪ ಅಥವಾ ಅಣ್ಣ ಒಂದು ದಿನದ ಕೆಲಸ ಬಿಟ್ಟು ಜೊತೆಗೆ ಬರಬೇಕು. ಜೊತೆಗೆ ಬರುವವರು ಯಾರೂ ಇಲ್ಲದಿದ್ದರೆ ಇಂಟರ್‌ವ್ಯೂವೇ ರದ್ದು. ನಮ್ಮ ತರಗತಿಯಲ್ಲೇ ಕಳೆದ ವರ್ಷ ಇಬ್ಬರು ಹುಡುಗಿಯರು ಹೀಗೆ ಇಂಟರ್ನ್‌ಶಿಪ್ ಕೈಬಿಟ್ಟರು. ಇಬ್ಬರಿಗೂ ನನಗಿಂತ ಹೆಚ್ಚು ಅಂಕ ಇತ್ತು.

ನಾನು ಪುತ್ತೂರಿನವಳು. ಬಿಇ ಮೂರನೇ ವರ್ಷದಲ್ಲಿದ್ದೇನೆ. ಬೆಂಗಳೂರು ನಮಗೆ ದೂರದ ಊರಲ್ಲ, ಆದರೆ ಮಧ್ಯೆ ಒಂದು ಘಾಟಿಯೂ ಒಂದು ರಾತ್ರಿಯೂ ಇದೆ. ಕಳೆದ ಜನವರಿಯಲ್ಲಿ ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯಲ್ಲಿ ಇಂಟರ್ನ್‌ಶಿಪ್ ಸಂದರ್ಶನಕ್ಕೆ ಒಬ್ಬಳೇ ಹೋಗಿ ಬಂದೆ. ಅದಕ್ಕೂ ಮೊದಲು ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಆ ಚರ್ಚೆಯಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ‘ಹುಷಾರಾಗಿರು’ ಎನ್ನುವುದು ಯೋಜನೆಯಲ್ಲ. ಯಾರ ಕೈಯಲ್ಲೂ ಅದನ್ನು ಪಾಲಿಸಲು ಆಗುವುದಿಲ್ಲ, ಏಕೆಂದರೆ ಅದು ಏನು ಮಾಡಬೇಕೆಂದು ಹೇಳುವುದಿಲ್ಲ. ಯೋಜನೆ ಎಂದರೆ ಗಂಟೆ, ಜಾಗ ಮತ್ತು ಹೆಸರು ಇರಬೇಕು. ಎಷ್ಟು ಗಂಟೆಗೆ ಇಳಿಯುತ್ತೇನೆ, ಎಲ್ಲಿ ಇಳಿಯುತ್ತೇನೆ, ನನ್ನ ಸುದ್ದಿ ಬರದಿದ್ದರೆ ಯಾರು ಏನು ಮಾಡುತ್ತಾರೆ. ಈ ಮೂರಕ್ಕೆ ಉತ್ತರ ಇದ್ದರೆ ‘ಒಬ್ಬಳೇನಾ’ ಎಂಬ ಪ್ರಶ್ನೆಯ ಭಾರ ತಾನಾಗಿಯೇ ಇಳಿಯುತ್ತದೆ.

ಹೊರಡುವ ಸಮಯವಲ್ಲ, ಇಳಿಯುವ ಸಮಯ

ನಾವು ಟಿಕೆಟ್ ಮಾಡುವಾಗ ನೋಡುವುದು ಬಸ್ಸು ಎಷ್ಟಕ್ಕೆ ಹೊರಡುತ್ತದೆ ಎಂದು. ಊಟ ಮುಗಿಸಿ ಹತ್ತಬಹುದಾದ ಒಂಬತ್ತು ಗಂಟೆಯ ಬಸ್ಸು ಎಲ್ಲರಿಗೂ ಇಷ್ಟ. ಮನೆಯವರಿಗೂ ಅದೇ ಸಮಾಧಾನ, ಏಕೆಂದರೆ ಪುತ್ತೂರು ಬಸ್‌ಸ್ಟ್ಯಾಂಡಿಗೆ ಒಂಬತ್ತು ಗಂಟೆಗೆ ಬಿಟ್ಟು ಬರುವುದು ಹನ್ನೊಂದಕ್ಕೆ ಬಿಟ್ಟು ಬರುವುದಕ್ಕಿಂತ ಸುಲಭ. ಆದರೆ ಪುತ್ತೂರಿನಲ್ಲಿ ನನ್ನ ಜೊತೆ ಅಪ್ಪ ಇರುತ್ತಾರೆ, ಬೆಂಗಳೂರಿನಲ್ಲಿ ಇಳಿಯುವಾಗ ಇರುವುದಿಲ್ಲ. ಲೆಕ್ಕ ಹಾಕಬೇಕಾದದ್ದು ಆ ಕೊನೆಯಿಂದ.

ಪುತ್ತೂರಿನಿಂದ ಉಪ್ಪಿನಂಗಡಿ, ಗುಂಡ್ಯ, ಶಿರಾಡಿ ಘಾಟಿ, ಸಕಲೇಶಪುರ, ಹಾಸನ, ಕುಣಿಗಲ್, ನೆಲಮಂಗಲ ದಾಟಿ ಮೆಜೆಸ್ಟಿಕ್ ಸೇರಲು ರಾತ್ರಿ ಬಸ್ಸಿಗೆ ಸುಮಾರು ಏಳರಿಂದ ಏಳೂವರೆ ಗಂಟೆ ಬೇಕು. ಒಂಬತ್ತಕ್ಕೆ ಹೊರಟ ಬಸ್ಸು ನಾಲ್ಕು, ನಾಲ್ಕೂವರೆಗೆ ಬೆಂಗಳೂರಿನಲ್ಲಿ ಇರುತ್ತದೆ. ಘಾಟಿ ಖಾಲಿ ಇದ್ದರೆ ಇನ್ನೂ ಬೇಗ. ನಾವೆಲ್ಲ ಬಸ್ಸು ತಡವಾದರೆ ಏನು ಮಾಡುವುದು ಎಂದು ಯೋಚಿಸುತ್ತೇವೆ. ಒಬ್ಬಳೇ ಹೋಗುವ ಹುಡುಗಿಗೆ ಬಸ್ಸು ಬೇಗ ಮುಟ್ಟುವುದೂ ಅಷ್ಟೇ ತೊಂದರೆ. ಜನವರಿಯ ಮಧ್ಯದಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ. ಬೆಳಕು ಹರಿಯುವುದು ಅದಕ್ಕಿಂತ ಇಪ್ಪತ್ತು, ಇಪ್ಪತ್ತೈದು ನಿಮಿಷ ಮುಂಚೆ. ಜೂನ್‌ನಲ್ಲಾದರೆ ಆರಕ್ಕೇ ಸೂರ್ಯ ಕಾಣುತ್ತಾನೆ. ಎಂದರೆ ಒಂದೇ ಬಸ್ಸು, ಒಂದೇ ಸಮಯ, ಜೂನ್‌ನಲ್ಲಿ ಸರಿಯಾದದ್ದು ಜನವರಿಯಲ್ಲಿ ಕತ್ತಲೆಯದ್ದಾಗುತ್ತದೆ. ಸೂರ್ಯೋದಯದ ಸಮಯ ಮೊಬೈಲಿನ ಹವಾಮಾನ ಆ್ಯಪ್‌ನಲ್ಲೇ ಇರುತ್ತದೆ. ಟಿಕೆಟ್ ಮಾಡುವ ಮೊದಲು ಒಮ್ಮೆ ನೋಡಿದರೆ ಸಾಕು.

ನನ್ನ ಸಂದರ್ಶನ ಬೆಳಿಗ್ಗೆ ಹತ್ತಕ್ಕೆ, ಪಟ್ಟಂದೂರು ಅಗ್ರಹಾರ ಮೆಟ್ರೊ ನಿಲ್ದಾಣದ ಹತ್ತಿರ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದೆ. ಮೂರು ನಿಲ್ದಾಣ ಈಚೆ ಕುಂದಲಹಳ್ಳಿಯಲ್ಲಿ ನಮ್ಮ ಕಾಲೇಜಿನ ಸೀನಿಯರ್ ಅಕ್ಕನ ಪಿಜಿ. ಸ್ನಾನ, ತಿಂಡಿಗೆ ಅಲ್ಲಿಗೆ ಎಂಟೂಕಾಲರೊಳಗೆ ತಲುಪಬೇಕು. ಮೆಜೆಸ್ಟಿಕ್‌ನಿಂದ ಕುಂದಲಹಳ್ಳಿಗೆ ನೇರಳೆ ಮಾರ್ಗದ ಮೆಟ್ರೊದಲ್ಲಿ ಮುಕ್ಕಾಲು ಗಂಟೆ ಹಿಡಿಯಿರಿ. ನಡಿಗೆ, ಟಿಕೆಟ್ ಸರದಿ ಎಲ್ಲ ಸೇರಿ ಒಂದು ಗಂಟೆ. ಹಾಗಾದರೆ ಮೆಜೆಸ್ಟಿಕ್‌ನಲ್ಲಿ ಏಳೂಕಾಲಕ್ಕೆ ಇಳಿದರೂ ನಡೆಯುತ್ತದೆ. ಬೆಳಕು ಹರಿಯುವುದು ಆರೂ ಇಪ್ಪತ್ತರ ಹೊತ್ತಿಗೆ. ಈ ಎರಡರ ಮಧ್ಯದ ಐವತ್ತೈದು ನಿಮಿಷದಲ್ಲಿ ನಾನು ಇಳಿಯಬೇಕು. ಅದಕ್ಕೆ ಸರಿಹೊಂದುವುದು ಹನ್ನೊಂದು ಗಂಟೆಗೆ ಹೊರಡುವ ಬಸ್ಸು. ಅದು ಆರೂಕಾಲು, ಆರೂವರೆಗೆ ಮುಟ್ಟುತ್ತದೆ. ಘಾಟಿಯಲ್ಲಿ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡರೂ ಸಂದರ್ಶನ ತಪ್ಪುವುದಿಲ್ಲ. ಅಪ್ಪ ಹನ್ನೊಂದಕ್ಕೆ ಬಸ್‌ಸ್ಟ್ಯಾಂಡಿಗೆ ಬರಬೇಕಾಯಿತು, ಅಷ್ಟೇ.

ಬಸ್ಸು ಬೇಗ ಮುಟ್ಟಿದರೆ ಏನು ಎಂಬುದಕ್ಕೂ ನಿಯಮ ಮೊದಲೇ ಇರಲಿ. ಐದಕ್ಕೇ ಮುಟ್ಟಿದರೆ ಬೆಳಕಾಗುವ ತನಕ ಬಸ್ ನಿಲ್ದಾಣ ಬಿಟ್ಟು ಹೊರಗೆ ಹೋಗುವುದಿಲ್ಲ ಎಂದು ನಾನು ಬರೆದುಕೊಂಡಿದ್ದೆ. ಮೆಟ್ರೊ ಸಾಮಾನ್ಯವಾಗಿ ಬೆಳಿಗ್ಗೆ ಐದಕ್ಕೆ ಶುರುವಾಗುತ್ತದೆ, ಕೂಡಲೇ ಹತ್ತಿಬಿಡಬಹುದಲ್ಲ ಎಂದು ಅನ್ನಿಸಬಹುದು. ಹತ್ತಿದರೆ ಆರಕ್ಕೆ ಕುಂದಲಹಳ್ಳಿಯಲ್ಲಿ ಇಳಿಯುತ್ತೇವೆ. ಮೆಜೆಸ್ಟಿಕ್‌ನಲ್ಲಿ ಆ ಹೊತ್ತಿಗೆ ದೀಪ ಇದೆ, ಚಹಾ ಅಂಗಡಿ ಇದೆ, ಮಕ್ಕಳು ಮರಿ ಕಟ್ಟಿಕೊಂಡು ಕೂತ ಕುಟುಂಬಗಳಿವೆ. ಕುಂದಲಹಳ್ಳಿಯ ಒಳರಸ್ತೆಯಲ್ಲಿ ಜನವರಿಯ ಆರು ಗಂಟೆಗೆ ಇರುವುದು ನಾಯಿಗಳು ಮಾತ್ರ. ಕಾಯುವುದಾದರೆ ಜನ ಇರುವ ಕಡೆ ಕಾಯಬೇಕು. ಇನ್ನೊಂದು ಮಾತು, ಭಾನುವಾರ ಮೆಟ್ರೊ ಶುರುವಾಗುವುದು ಏಳಕ್ಕೆ. ಭಾನುವಾರ ನೇಮಕಾತಿ ಪರೀಕ್ಷೆ ಬರೆಯಲು ಹೋಗುವವರು ಇದನ್ನು ಮರೆಯಬಾರದು.

ಇಳಿಯುವ ಜಾಗದಲ್ಲೂ ಒಂದು ಆಮಿಷ ಇದೆ. ಬೆಂಗಳೂರು ಹತ್ತಿರವಾದಂತೆ ಕಂಡಕ್ಟರ್ ‘ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಯಶವಂತಪುರ ಯಾರಿದ್ದೀರಿ’ ಎಂದು ಕೂಗುತ್ತಾರೆ. ಹತ್ತಿರ ಎಂದುಕೊಂಡು ನಿದ್ದೆಗಣ್ಣಲ್ಲಿ ಇಳಿದರೆ ನಿಲ್ಲುವುದು ಫ್ಲೈಓವರ್ ಕೆಳಗಿನ ಸರ್ವಿಸ್ ರಸ್ತೆಯಲ್ಲಿ. ನಮ್ಮೊಂದಿಗೆ ಇಳಿದ ಇಬ್ಬರು ತಮ್ಮ ದಾರಿ ಹಿಡಿದ ಮೇಲೆ ಅಲ್ಲಿ ಉಳಿಯುವುದು ಬ್ಯಾಗು, ನಾವು ಮತ್ತು ಬಾಡಿಗೆ ಹುಡುಕುವ ಆಟೊಗಳು. ಬೆಳಕು ಹರಿದ ಮೇಲೆ ಅಲ್ಲಿ ಇಳಿಯುವುದು ಬೇರೆ, ಐದು ಗಂಟೆಗೆ ಇಳಿಯುವುದು ಬೇರೆ. ಕತ್ತಲೆಯಲ್ಲಿ ಬಸ್ಸು ಕೊನೆಗೆ ನಿಲ್ಲುವ ಜಾಗದ ತನಕ ಕೂತಿರುವುದೇ ಒಳ್ಳೆಯದು, ಅರ್ಧ ಗಂಟೆ ಹೆಚ್ಚು ಹಿಡಿದರೂ.

ಏರಿಯಾದ ಹೆಸರಲ್ಲ, ಕೊನೆಯ ಐನೂರು ಮೀಟರ್

ಒಂದು ದಿನದ ಸಂದರ್ಶನಕ್ಕೆ ಅಕ್ಕನ ಪಿಜಿ ಸಾಕಾಯಿತು. ಇಂಟರ್ನ್‌ಶಿಪ್ ಸಿಕ್ಕಿದ ಮೇಲೆ ಎರಡು ತಿಂಗಳಿಗೆ ರೂಮ್ ಬೇಕಾಯಿತು. ಆಗ ಎಲ್ಲರೂ ಹೇಳಿದ್ದು ‘ಒಳ್ಳೆ ಏರಿಯಾದಲ್ಲಿ ನೋಡು’ ಎಂದು. ಒಳ್ಳೆ ಏರಿಯಾ ಎಂದರೆ ಯಾವುದು? ಬೆಂಗಳೂರಿನ ಒಂದೇ ಬಡಾವಣೆಯಲ್ಲಿ ರಾತ್ರಿ ಹನ್ನೊಂದರ ತನಕ ಗಿಜಿಗುಡುವ ಮುಖ್ಯರಸ್ತೆಯೂ ಇರುತ್ತದೆ, ಖಾಲಿ ಸೈಟುಗಳ ಮಧ್ಯೆ ಬೀದಿದೀಪವಿಲ್ಲದ ಅಡ್ಡರಸ್ತೆಯೂ ಇರುತ್ತದೆ. ನಾವು ವಾಸ ಮಾಡುವುದು ಬಡಾವಣೆಯ ಹೆಸರಿನಲ್ಲಲ್ಲ, ಬಸ್ಸೋ ಮೆಟ್ರೊವೋ ಇಳಿದ ಜಾಗದಿಂದ ನಮ್ಮ ಗೇಟಿನ ತನಕದ ದಾರಿಯಲ್ಲಿ. ಆ ದಾರಿ ಐನೂರು ಮೀಟರಿನೊಳಗೆ ಇರಬೇಕು, ಅದರಲ್ಲಿ ರಾತ್ರಿ ಒಂಬತ್ತಕ್ಕೂ ತೆರೆದಿರುವ ಎರಡು ಅಂಗಡಿಯಾದರೂ ಇರಬೇಕು ಎಂಬುದು ನನ್ನ ಅಳತೆಗೋಲು. ಮೆಡಿಕಲ್ ಶಾಪ್, ದರ್ಶಿನಿ, ಬೇಕರಿ ಯಾವುದಾದರೂ ಸರಿ. ದೀಪ ಇರುವ ಅಂಗಡಿ, ಅದರೊಳಗೆ ನಮ್ಮ ಮುಖ ಗುರುತಿರುವ ಒಬ್ಬ ಮನುಷ್ಯ, ಇದಕ್ಕಿಂತ ದೊಡ್ಡ ಭದ್ರತೆ ಬೀದಿಯಲ್ಲಿ ಬೇರೆ ಇಲ್ಲ.

ಊರಲ್ಲೇ ಕೂತು ಇದನ್ನು ನೋಡುವುದು ಹೇಗೆ? ಗೂಗಲ್ ಮ್ಯಾಪ್ಸ್‌ನಲ್ಲಿ ಪಿಜಿಯ ವಿಳಾಸದಿಂದ ಮೆಟ್ರೊ ನಿಲ್ದಾಣಕ್ಕೆ ನಡಿಗೆಯ ದಾರಿ ಹಾಕಿ. 2022ರಿಂದ ಬೆಂಗಳೂರಿನ ರಸ್ತೆಗಳು ಸ್ಟ್ರೀಟ್ ವ್ಯೂನಲ್ಲಿ ಕಾಣುತ್ತವೆ. ಆ ದಾರಿಯಲ್ಲಿ ಬೆರಳಿನಲ್ಲೇ ನಡೆದು ನೋಡಬಹುದು. ಫುಟ್‌ಪಾತ್ ಇದೆಯೇ, ಉದ್ದ ಕಾಂಪೌಂಡ್ ಗೋಡೆ ಇದೆಯೇ, ಖಾಲಿ ಸೈಟು ಎಷ್ಟು, ಬಾರ್ ಇದೆಯೇ. ಆದರೆ ಆ ಚಿತ್ರಗಳೆಲ್ಲ ಹಗಲಿನವು. ರಾತ್ರಿ ಹೇಗಿರುತ್ತದೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ಆ ದಾರಿಯ ಅಂಗಡಿಗಳ ಮೇಲೆ ಒತ್ತಿ ಮುಚ್ಚುವ ಸಮಯ ನೋಡಬೇಕು. ಎಲ್ಲ ಅಂಗಡಿಯೂ ಎಂಟಕ್ಕೇ ಮುಚ್ಚುವುದಾದರೆ ಒಂಬತ್ತಕ್ಕೆ ಆ ರಸ್ತೆ ಹೇಗಿರುತ್ತದೆಂದು ಊಹಿಸಬಹುದು. ಪಿಜಿಗೆ ಫೋನ್ ಮಾಡುವುದನ್ನೂ ಹಗಲಲ್ಲ, ರಾತ್ರಿ ಒಂಬತ್ತೂವರೆಗೆ ಮಾಡಿ. ಫೋನ್ ಎತ್ತುತ್ತಾರೋ ಇಲ್ಲವೋ ಎಂಬುದೇ ಅರ್ಧ ಉತ್ತರ. ಎತ್ತಿದರೆ ಒಂದೇ ಪ್ರಶ್ನೆ ಕೇಳಿ: ‘ಆಫೀಸಿಂದ ಹತ್ತೂವರೆಗೆ ಬಂದರೆ ಗೇಟ್ ತೆಗೆಯುವವರು ಯಾರು?’ ‘ಹತ್ತಕ್ಕೆ ಬೀಗ ಹಾಕ್ತೀವಿ’ ಎಂದರೆ ಅದು ಭದ್ರತೆಯಲ್ಲ. ಹತ್ತಕ್ಕೆ ಬೀಗ ಹಾಕುವ ಪಿಜಿ, ತಡವಾಗಿ ಬಂದ ಹುಡುಗಿಯನ್ನು ಬೀದಿಯಲ್ಲಿ ನಿಲ್ಲಿಸುವ ಪಿಜಿ.

ದುಡ್ಡಿನ ಲೆಕ್ಕವೂ ಹೇಳುತ್ತೇನೆ, ಏಕೆಂದರೆ ನಮ್ಮಂಥವರ ನಿರ್ಧಾರ ಅಲ್ಲೇ ಆಗುವುದು. ನನ್ನ ಮುಂದೆ ಎರಡು ಪಿಜಿ ಇದ್ದವು. ಒಂದಕ್ಕೆ ತಿಂಗಳಿಗೆ 6,500 ರೂಪಾಯಿ, ಮೆಟ್ರೊದಿಂದ 2.3 ಕಿ.ಮೀ. ಇನ್ನೊಂದಕ್ಕೆ 8,000 ರೂಪಾಯಿ, ಮೆಟ್ರೊದಿಂದ 400 ಮೀಟರ್. ಅಪ್ಪ ಮೊದಲನೆಯದನ್ನು ಆರಿಸಿದರು, ಸಾವಿರದ ಐನೂರು ಉಳಿಯುತ್ತದೆ ಎಂದು. ಬೆಂಗಳೂರಿನ ಆಟೊ ಮೀಟರ್ ದರ 2025ರ ಆಗಸ್ಟ್‌ನಿಂದ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ, ನಂತರ ಪ್ರತಿ ಕಿ.ಮೀ.ಗೆ 18. ಹಾಗಾದರೆ 2.3 ಕಿ.ಮೀ.ಗೆ ಸುಮಾರು 41 ರೂಪಾಯಿ. ತಿಂಗಳಿಗೆ 22 ದಿನ, ಹೋಗಿ ಬರಲು 44 ಸಲ. ಒಟ್ಟು 1,800 ದಾಟುತ್ತದೆ. ಅದೂ ಆಟೊದವರು ಮೀಟರ್ ಹಾಕಿದರೆ. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ಅಗ್ಗದ ರೂಮಿನ ಉಳಿತಾಯ ಆಟೊಗೆ ಹೋಗುತ್ತದೆ, ಇಲ್ಲವೇ ಆಟೊ ದುಡ್ಡು ಉಳಿಸಲು ರಾತ್ರಿ ಎರಡು ಕಿ.ಮೀ. ನಡೆಯಬೇಕಾಗುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ತೋರಿಸಿದ ಮೇಲೆ ಅಪ್ಪ ಏನೂ ಹೇಳಲಿಲ್ಲ. ಎರಡನೆಯ ಪಿಜಿಗೆ ಅಡ್ವಾನ್ಸ್ ಕಳಿಸಿದರು.

ನೀಲಿ ಚುಕ್ಕೆ ಕಾಯುವುದಿಲ್ಲ, ಮನುಷ್ಯರು ಕಾಯುತ್ತಾರೆ

ಈಗ ಎಲ್ಲ ಮನೆಗಳಲ್ಲೂ ಒಂದು ಸುಲಭ ಪರಿಹಾರ ಇದೆ. ‘ಲೈವ್ ಲೊಕೇಶನ್ ಹಾಕಿಡು.’ ಹಾಕಿಡುವುದು ಒಳ್ಳೆಯದೇ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಹಾಕಿದವರಿಗೂ ನೋಡುವವರಿಗೂ ಗೊತ್ತಿರಬೇಕು. ಇಲ್ಲದಿದ್ದರೆ ಅದು ಧೈರ್ಯಕ್ಕಿಂತ ಗಾಬರಿಯನ್ನೇ ಹೆಚ್ಚು ಕೊಡುತ್ತದೆ.

ಮೊದಲನೆಯದು ಸಮಯ. ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್‌ನಲ್ಲಿ ಇರುವುದು ಮೂರೇ ಆಯ್ಕೆ: 15 ನಿಮಿಷ, 1 ಗಂಟೆ, 8 ಗಂಟೆ. ಮನೆ ಬಿಡುವಾಗ ರಾತ್ರಿ ಹತ್ತೂವರೆಗೆ ಎಂಟು ಗಂಟೆಯದ್ದನ್ನು ಒತ್ತಿದರೆ ಅದು ಬೆಳಿಗ್ಗೆ ಆರೂವರೆಗೆ ತಾನಾಗಿ ನಿಲ್ಲುತ್ತದೆ. ನಾನು ಮೆಜೆಸ್ಟಿಕ್‌ನಲ್ಲಿ ಇಳಿಯುವುದು ಸರಿಯಾಗಿ ಆಗಲೇ. ರಾತ್ರಿಯಿಡೀ ಬಸ್ಸಿನ ಸೀಟಿನಲ್ಲಿ ಮಲಗಿದ್ದವಳನ್ನು ತೋರಿಸಿದ ಚುಕ್ಕೆ, ನಾನು ಬೀದಿಗೆ ಕಾಲಿಡುವ ಹೊತ್ತಿಗೆ ಮಾಯವಾಗುತ್ತದೆ. ಅದಕ್ಕೆ ಐದೂವರೆಗೆ ಅಲಾರಂ ಇಟ್ಟು, ನೆಲಮಂಗಲಕ್ಕಿಂತ ಮೊದಲು ಹಳೆಯದನ್ನು ನಿಲ್ಲಿಸಿ ಹೊಸದಾಗಿ ಶುರು ಮಾಡುವುದೆಂದು ಇಟ್ಟುಕೊಂಡೆ. ಅಲಾರಂನಿಂದ ಇನ್ನೊಂದು ಉಪಯೋಗವೂ ಆಯಿತು. ಇಳಿಯುವ ಹೊತ್ತಿಗೆ ನಿದ್ದೆ ಪೂರ್ತಿ ಬಿಟ್ಟಿರುತ್ತದೆ.

ಎರಡನೆಯದು ನೆಟ್‌ವರ್ಕ್. ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಅಲ್ಲಿ ಚುಕ್ಕೆ ಕಾಡಿನ ಮಧ್ಯೆ ನಿಂತುಬಿಡುತ್ತದೆ. ನಮ್ಮ ಅಕ್ಕಪಕ್ಕದ ಮನೆಯಲ್ಲಿ ಹೀಗೆ ಚುಕ್ಕೆ ನಿಂತ ರಾತ್ರಿ ಒಬ್ಬರೂ ಮಲಗಿರಲಿಲ್ಲ. ಬಸ್ಸು ಆರಾಮಾಗಿ ಸಕಲೇಶಪುರ ಮುಟ್ಟಿತ್ತು. ನಿಂತ ಚುಕ್ಕೆಗೆ ಎರಡು ಅರ್ಥ ಇರಬಹುದು: ಮನುಷ್ಯ ನಿಂತಿದ್ದಾನೆ ಅಥವಾ ಫೋನ್ ಸುದ್ದಿ ಕಳಿಸುತ್ತಿಲ್ಲ. ಈ ವ್ಯತ್ಯಾಸ ತಿಳಿಯಲು ಚುಕ್ಕೆಯನ್ನಲ್ಲ, ಅದು ಕೊನೆಯ ಸಲ ಯಾವಾಗ ಅಪ್‌ಡೇಟ್ ಆಯಿತು ಎಂದು ಕೆಳಗೆ ತೋರಿಸುವ ಸಮಯವನ್ನು ನೋಡಬೇಕು. ಸಮಯ ಹೊಸದಾಗಿದ್ದು ಚುಕ್ಕೆ ನಿಂತಿದ್ದರೆ ಬಸ್ಸು ನಿಂತಿದೆ. ಸಮಯವೇ ಹಳೆಯದಾಗಿದ್ದರೆ ನೆಟ್‌ವರ್ಕ್ ಇಲ್ಲ ಅಥವಾ ಬ್ಯಾಟರಿ ಮುಗಿದಿದೆ. ಗೂಗಲ್ ಮ್ಯಾಪ್ಸ್‌ನ ಲೊಕೇಶನ್ ಶೇರಿಂಗ್‌ನಲ್ಲಾದರೆ ನಮ್ಮ ಫೋನಿನ ಬ್ಯಾಟರಿ ಎಷ್ಟಿದೆ ಎಂಬುದೂ ಮನೆಯವರಿಗೆ ಕಾಣುತ್ತದೆ. ಅಮ್ಮನಿಗೆ ಇದನ್ನು ಕಲಿಸಲು ಹತ್ತು ನಿಮಿಷ ಸಾಕಾಯಿತು. ಬ್ಯಾಟರಿ ಸೇವರ್ ಹಾಕಿದರೆ ಕೆಲವು ಫೋನುಗಳಲ್ಲಿ ಸ್ಕ್ರೀನ್ ಆರಿದ ಕೂಡಲೇ ಲೊಕೇಶನ್ ನಿಲ್ಲುತ್ತದೆ. ಅದನ್ನು ಆಫ್ ಮಾಡಿ, ಪವರ್ ಬ್ಯಾಂಕ್ ಇಟ್ಟುಕೊಳ್ಳಬೇಕು. ಡೇಟಾ ಸಿಗದ ಕಡೆ ವಾಟ್ಸ್‌ಆ್ಯಪ್ ಹೋಗದಿದ್ದರೂ ಮಾಮೂಲಿ ಎಸ್‌ಎಂಎಸ್ ಹೋಗುವುದುಂಟು, ಅದನ್ನೂ ನೆನಪಿಡಿ.

ಮೂರನೆಯದು ಮುಖ್ಯವಾದದ್ದು. ಚುಕ್ಕೆಯನ್ನು ನೋಡಿ ಅಮ್ಮ ಏನು ಮಾಡಬೇಕು? ಪುತ್ತೂರಿನಲ್ಲಿ ಕೂತ ಅಮ್ಮ ಮೆಜೆಸ್ಟಿಕ್‌ಗೆ ಬರಲು ಆಗುವುದಿಲ್ಲ. ಆದ್ದರಿಂದ ಲೊಕೇಶನ್ ಇಬ್ಬರಿಗೆ ಹೋಗಬೇಕು. ಒಬ್ಬರು ಮನೆಯವರು, ಇನ್ನೊಬ್ಬರು ಆ ಊರಿನಲ್ಲೇ ಇದ್ದು ಒಂದು ಗಂಟೆಯಲ್ಲಿ ನಮ್ಮಿರುವ ಕಡೆ ಬರಬಲ್ಲವರು. ನನಗೆ ಆ ಎರಡನೆಯವರು ಕುಂದಲಹಳ್ಳಿಯ ಅಕ್ಕ. ಮತ್ತು ಚುಕ್ಕೆಯ ಜೊತೆ ಒಂದು ಒಪ್ಪಂದ ಇರಬೇಕು. ನಮ್ಮದು ಹೀಗಿತ್ತು. ಬಸ್ಸು ಹತ್ತಿದ ಕೂಡಲೇ ಬಸ್ಸಿನ ನಂಬರ್ ಪ್ಲೇಟಿನ ಫೋಟೊ, ಸೀಟ್ ನಂಬರ್. ಆಮೇಲೆ ಬೆಳಿಗ್ಗೆ ಐದೂವರೆಯ ತನಕ ಯಾವ ಸುದ್ದಿಯೂ ಇಲ್ಲ, ಅಮ್ಮ ಮಲಗಬೇಕು, ನಾನೂ ಮಲಗಬೇಕು. ನೆಲಮಂಗಲದಲ್ಲಿ ಒಂದು ಮೆಸೇಜ್. ಮೆಜೆಸ್ಟಿಕ್‌ನಲ್ಲಿ ‘ಮುಟ್ಟಿದೆ’ ಎಂದು ಒಂದು. ಅಕ್ಕನ ಪಿಜಿಯಲ್ಲಿ ಕೊನೆಯದು. ಏಳಾದರೂ ನೆಲಮಂಗಲದ ಮೆಸೇಜ್ ಬರದಿದ್ದರೆ ಅಮ್ಮ ಫೋನ್ ಮಾಡುವುದು. ಎತ್ತದಿದ್ದರೆ ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ. ಆಗಲೂ ಇಲ್ಲವೆಂದರೆ ಅಕ್ಕನಿಗೆ. ಏಳೂವರೆಗೆ ಅಪ್ಪ ಟಿಕೆಟ್‌ನಲ್ಲಿರುವ ಸಹಾಯವಾಣಿಗೆ ಬಸ್ಸಿನ ನಂಬರ್ ಹೇಳಿ ಅದು ಎಲ್ಲಿದೆ ಎಂದು ಕೇಳುವುದು. ಬಸ್ಸು ಮುಟ್ಟಿ ಆಗಿದ್ದು ನನ್ನ ಸುದ್ದಿ ಮಾತ್ರ ಇಲ್ಲವೆಂದರೆ, ಆ ಕ್ಷಣವೇ 112. ಇದನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆವು. ಅದೇ ನಂಬರುಗಳ ಇನ್ನೊಂದು ಹಾಳೆ ನನ್ನ ಪರ್ಸಿನಲ್ಲಿ, ಫೋನ್ ಹೋದರೂ ನಂಬರ್ ಇರಲಿ ಎಂದು.

ಇದು ಸುದ್ದಿ ಬರದಾಗಿನ ಮಾತು. ನನಗೇ ಏನೋ ಸರಿಯಿಲ್ಲ ಎಂದು ಅನ್ನಿಸಿದರೆ? ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿರುವಾಗ ‘ನನಗೆ ಹೆದರಿಕೆ ಆಗ್ತಿದೆ’ ಎಂದು ಫೋನಿನಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಒಂದು ವಾಕ್ಯ ಇದೆ: ‘ಬೆಕ್ಕಿಗೆ ಹಾಲು ಹಾಕಿದ್ಯಾ ಅಮ್ಮ?’ ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ. ಇದನ್ನು ಕೇಳಿದ ಕೂಡಲೇ ಅಮ್ಮ ಫೋನ್ ಇಡದೆ ಮಾತಾಡುತ್ತಲೇ ಇರಬೇಕು, ಅಪ್ಪ ಇನ್ನೊಂದು ಫೋನಿನಿಂದ ಅಕ್ಕನಿಗೂ ಪೊಲೀಸರಿಗೂ ಹೇಳಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಎಸ್‌ಒಎಸ್ ಎಂಬುದೂ ಇದೆ. ಆಂಡ್ರಾಯ್ಡ್‌ನ ಹೆಚ್ಚಿನ ಹೊಸ ಫೋನುಗಳಲ್ಲಿ ಪವರ್ ಬಟನ್ ಐದು ಸಲ ಬೇಗಬೇಗ ಒತ್ತಿದರೆ ಅದು ಚಾಲೂ ಆಗುತ್ತದೆ. ಅದು ಯಾರಿಗೆ ಕರೆ ಮಾಡುತ್ತದೆ, ಯಾರಿಗೆ ಲೊಕೇಶನ್ ಕಳಿಸುತ್ತದೆ ಎಂದು ಮನೆಯಲ್ಲಿ ಕೂತಿರುವಾಗಲೇ ನೋಡಿಟ್ಟುಕೊಳ್ಳಬೇಕು. ರೈಲಿನಲ್ಲಿ ಹೋಗುವವರಿಗೆ 139 ಇದೆ.

ಲೊಕೇಶನ್ ಬಗ್ಗೆ ನನ್ನದೊಂದು ತಕರಾರೂ ಇದೆ. ಗೂಗಲ್ ಮ್ಯಾಪ್ಸ್‌ನಲ್ಲಿ ‘ನೀವು ಆಫ್ ಮಾಡುವ ತನಕ’ ಎಂಬ ಆಯ್ಕೆ ಇದೆ. ಒಂದು ಪ್ರಯಾಣಕ್ಕೆಂದು ಹಾಕಿಸಿದ್ದು ಹಲವು ಮನೆಗಳಲ್ಲಿ ವರ್ಷಗಟ್ಟಲೆ ಹಾಗೆಯೇ ಉಳಿದಿದೆ. ಪ್ರತಿದಿನ ಮಗಳು ಯಾವ ಬೇಕರಿಯಲ್ಲಿ ಎಷ್ಟು ಹೊತ್ತು ಕೂತಳು ಎಂದು ನೋಡುವುದು ರಕ್ಷಣೆಯಲ್ಲ, ಕಾವಲು. ಅದರಿಂದ ಆಗುವ ನಷ್ಟ ಬರೀ ಸ್ವಾತಂತ್ರ್ಯದ್ದಲ್ಲ. ಹುಡುಗಿಯರು ಇದರಿಂದ ತಪ್ಪಿಸಿಕೊಳ್ಳಲು ಫೋನನ್ನು ಹಾಸ್ಟೆಲ್‌ನಲ್ಲೇ ಬಿಟ್ಟು ಹೊರಗೆ ಹೋಗುವುದನ್ನು ನಾನು ನೋಡಿದ್ದೇನೆ. ಆಗ ಚುಕ್ಕೆ ಹಾಸ್ಟೆಲ್‌ನಲ್ಲಿ, ಹುಡುಗಿ ಫೋನೇ ಇಲ್ಲದೆ ಬೀದಿಯಲ್ಲಿ. ಶುರುವಾಗುವ ಸಮಯ ಇದ್ದಂತೆ ಮುಗಿಯುವ ಸಮಯವೂ ಒಪ್ಪಂದದಲ್ಲಿ ಇದ್ದರೆ ಮಾತ್ರ ನಾವು ಅದನ್ನು ಪ್ರಾಮಾಣಿಕವಾಗಿ ಹಾಕಿಡುತ್ತೇವೆ.

ಯೋಜನೆ ನಮ್ಮದೊಬ್ಬರದ್ದೇ ಯಾಕೆ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳಲೇಬೇಕು. ಈ ಲೆಕ್ಕ ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಎಲ್ಲ ಸರಿಯಾಗಿ ಮಾಡಿಯೂ ಯಾರಿಗಾದರೂ ತೊಂದರೆ ಆದರೆ, ಅಥವಾ ಏನೂ ಯೋಜಿಸದೆ ಹೊರಟವಳಿಗೆ ತೊಂದರೆ ಆದರೆ, ತಪ್ಪು ತೊಂದರೆ ಕೊಟ್ಟವನದ್ದು. ‘ಆ ಹೊತ್ತಿಗೆ ಅಲ್ಲಿ ಯಾಕೆ ಇಳಿದಳು’ ಎಂದು ಕೇಳಲು ಈ ಪಟ್ಟಿಯನ್ನು ಯಾರೂ ಬಳಸಬಾರದು.

ಇನ್ನು, ನನ್ನ ಲೆಕ್ಕದಲ್ಲಿ ಕೂಡಿ ಬಂದದ್ದರಲ್ಲಿ ಅರ್ಧ ಅದೃಷ್ಟ. ಸಂದರ್ಶನ ಹತ್ತಕ್ಕಿತ್ತು, ಕುಂದಲಹಳ್ಳಿಯಲ್ಲಿ ಒಬ್ಬ ಅಕ್ಕ ಇದ್ದಳು. ಅನೇಕ ಕಂಪನಿಗಳು ವಾಕ್‌-ಇನ್‌ಗೆ ಎಂಟೂವರೆಗೇ ಬನ್ನಿ ಎನ್ನುತ್ತವೆ. ಎಂಟೂವರೆಗೆ ವೈಟ್‌ಫೀಲ್ಡ್‌ನಲ್ಲಿ ಇರಬೇಕಾದರೆ ಪುತ್ತೂರು, ಶಿರಸಿ, ಬೀದರಿನ ಹುಡುಗಿ ಕತ್ತಲೆಯಲ್ಲೇ ಇಳಿಯಬೇಕು, ಇಲ್ಲವೇ ಹಿಂದಿನ ದಿನವೇ ಬಂದು ಒಂದು ರಾತ್ರಿಯ ರೂಮಿಗೆ ದುಡ್ಡು ಕೊಡಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕೆಂಪು ಬಸ್ಸಿನ ಪ್ರಯಾಣ ನಮಗೆ ಉಚಿತವಾಗಿದೆ, ನಿಜ. ಆದರೆ ಬಸ್ಸಿನ ಟಿಕೆಟ್ ಉಳಿದರೂ ಬೆಳಿಗ್ಗೆ ನಾಲ್ಕರಿಂದ ಎಂಟರ ತನಕ ಕೂರಲು ಒಂದು ಜಾಗ ಉಚಿತವಾಗಿ ಸಿಗುವುದಿಲ್ಲ.

ಇದಕ್ಕೆ ಬೇಕಾದ್ದು ದೊಡ್ಡ ಯೋಜನೆಯಲ್ಲ. ಹೊರಊರಿನಿಂದ ಬರುವವರಿಗೆ ಹನ್ನೊಂದರ ನಂತರದ ಸರದಿ ಕೊಡುವುದಕ್ಕೆ ಕಂಪನಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಕರೆಪತ್ರದ ಮೇಲ್‌ನಲ್ಲಿ ಹತ್ತಿರದ ಮೆಟ್ರೊ ನಿಲ್ದಾಣ ಯಾವುದು, ಗೇಟ್ ಎಷ್ಟಕ್ಕೆ ತೆರೆಯುತ್ತದೆ, ಬೇಗ ಬಂದವರು ರಿಸೆಪ್ಷನ್‌ನಲ್ಲಿ ಕೂರಬಹುದೇ ಎಂಬ ಮೂರು ಸಾಲು ಸೇರಿಸಬಹುದು. ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ಗಳು ಆಯಾ ಊರಿನಲ್ಲಿ ಕೆಲಸ ಮಾಡುವ, ಬೆಳಿಗ್ಗೆ ಎರಡು ಗಂಟೆ ಜೂನಿಯರ್‌ಗಳಿಗೆ ಬಾಗಿಲು ತೆಗೆಯಲು ಒಪ್ಪುವ ಹಳೆ ವಿದ್ಯಾರ್ಥಿನಿಯರ ಪಟ್ಟಿ ಇಡಬಹುದು. ನಮ್ಮ ವಿಭಾಗದಲ್ಲಿ ನಾವೇ ಕೆಲವರು ಅಂಥದ್ದೊಂದು ಪಟ್ಟಿ ಶುರು ಮಾಡಿದ್ದೇವೆ. ಬೆಂಗಳೂರಿನಲ್ಲಿ ಒಂಬತ್ತು, ಪುಣೆಯಲ್ಲಿ ಇಬ್ಬರು, ಹೈದರಾಬಾದಿನಲ್ಲಿ ಒಬ್ಬರು ಸಿಕ್ಕಿದ್ದಾರೆ. ಪ್ರತಿ ಹೆಸರಿನ ಮುಂದೆ ಹತ್ತಿರದ ನಿಲ್ದಾಣ ಮತ್ತು ಅಲ್ಲಿಂದ ಎಷ್ಟು ಮೀಟರ್ ನಡಿಗೆ ಎಂದು ಬರೆದಿದ್ದೇವೆ. ಕಳೆದ ವರ್ಷ ಇಂಟರ್ನ್‌ಶಿಪ್ ಬಿಟ್ಟ ಇಬ್ಬರಲ್ಲಿ ಒಬ್ಬಳು ಈ ತಿಂಗಳು ಪುಣೆಗೆ ಹೊರಟಿದ್ದಾಳೆ. ಅವಳ ರೈಲು ಅಲ್ಲಿ ಮುಟ್ಟುವುದು ಬೆಳಿಗ್ಗೆ ಏಳೂವರೆಗೆ.